ದಂಡದ ನೋಟೀಸಿನಲ್ಲಿ ಹೊಡೆದುಹಾಕದ ಸಾಲು

ಕರದಾತನ ಮೇಲೆ ದಂಡ ವಿಧಿಸಬಯಸುವ ಅಧಿಕಾರಿಯು, ಆ ದಂಡವನ್ನು ಏಕೆ ವಿಧಿಸಬಾರದೆಂಬುದಕ್ಕೆ ಕಾರಣ ತೋರಿಸುವಂತೆ ಅವನನ್ನು ಮೊದಲು ಬರಹದ ಮೂಲಕ ಕೇಳಬೇಕು. ಇದನ್ನೇ ನಾವು ಕಾರಣ ಕೇಳುವ ನೋಟೀಸು ಎನ್ನುತ್ತೇವೆ. ಕೇಳುವುದು ಎಷ್ಟು ಅವಶ್ಯಕವೋ ಏನನ್ನು ಕೇಳುತ್ತಿದ್ದೇವೆಂದು ತಿಳಿಸುವುದೂ ಅಷ್ಟೇ ಅವಶ್ಯಕ. ಆಪಾದನೆಯೇನೆಂದು ತಿಳಿಯದವನು ಉತ್ತರ ಹೇಳಲಾರನು. ಹೇಳಿದರೂ ಅದು ಕತ್ತಲೆಯಲ್ಲಿ ಕಲ್ಲೆಸೆದಂತೆ. ಈ ತತ್ತ್ವವನ್ನು ಒಪ್ಪದವರು ಯಾರೂ ಇಲ್ಲ. ಹೀಗಿದ್ದರೂ ನಮ್ಮ ದೇಶದ ಆದಾಯ ತೆರಿಗೆಯ ವ್ಯವಹಾರದಲ್ಲಿ, ನೋಟೀಸಿನ ಒಂದು ಸಾಲನ್ನು ಲೇಖನಿಯಿಂದ ಹೊಡೆದುಹಾಕದೆ ಬಿಟ್ಟ ಮಾತ್ರಕ್ಕೆ ಅಸಂಖ್ಯ ದಂಡನಾಜ್ಞೆಗಳು ರದ್ದಾಗಿವೆ. ಹೊರನೋಟಕ್ಕೆ ಇದು ವಕೀಲರ ಕುಯುಕ್ತಿಯಂತೆ ಕಾಣುತ್ತದೆ. ಅದು ಕುಯುಕ್ತಿಯೇ ಅಥವಾ ಅದರಲ್ಲಿ ಸಾರವಿದೆಯೇ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಕಾಯಿದೆಯ ಮಾತನ್ನು ನೋಡೋಣ. 1961ರ ಆದಾಯ ತೆರಿಗೆ ಅಧಿನಿಯಮದ 271ನೆಯ ಕಲಮಿನ (1)(ಸಿ) ಉಪಖಂಡವು ಎರಡು ತಪ್ಪುಗಳನ್ನು ಹೆಸರಿಸುತ್ತದೆ. ಕರದಾತನು ತನ್ನ ಆದಾಯದ ವಿವರಗಳನ್ನು ಮರೆಮಾಚಿರುವುದು ಒಂದು. ಆದಾಯದ ಬಗ್ಗೆ ಸರಿಯಲ್ಲದ ವಿವರಗಳನ್ನು ಒದಗಿಸಿರುವುದು ಇನ್ನೊಂದು. ಈ ಎರಡರ ನಡುವೆ ಕಾಯಿದೆಯು ‘ಅಥವಾ’ ಎಂಬ ಪದವನ್ನಿಟ್ಟಿದೆ. ಎರಡಕ್ಕೂ ದಂಡ ಒಂದೇ: ತಪ್ಪಿಸಲು ಯತ್ನಿಸಿದ ತೆರಿಗೆಯಷ್ಟಕ್ಕೆ ಕಡಿಮೆಯಿಲ್ಲದೆ, ಅದರ ಮೂರು ಪಟ್ಟನ್ನು ಮೀರದೆ. 274ನೆಯ ಕಲಮು, ಕರದಾತನಿಗೆ ಹೇಳಿಕೊಳ್ಳಲು ಯುಕ್ತವಾದ ಅವಕಾಶ ಕೊಡದೆ ದಂಡನಾಜ್ಞೆ ಮಾಡಕೂಡದೆಂದು ವಿಧಿಸುತ್ತದೆ. ಈ ಉಪಖಂಡವು 2016-17ನೆಯ ನಿರ್ಧಾರಣಾ ವರ್ಷದವರೆಗಿನ ಪ್ರಕರಣಗಳಿಗೆ ಅನ್ವಯಿಸುವಂಥದು. ಅನಂತರದ ವರ್ಷಗಳಿಗೆ ಬಂದ ಬೇರೆ ಕಲಮಿನ ವಿಚಾರವನ್ನು ಮುಂದೆ ಹೇಳುವೆನು.

274ನೆಯ ಕಲಮಿನ ಅಡಿಯಲ್ಲಿ ಕಳುಹಿಸಲೆಂದು ಇಲಾಖೆಯು ಒಂದು ನಮೂನೆಯನ್ನು ಅಚ್ಚುಮಾಡಿಸಿತ್ತು. ಅದರಲ್ಲಿ ಹಲವು ಆಪಾದನೆಗಳು ಒಂದರ ಕೆಳಗೊಂದು ಇರುತ್ತಿದ್ದವು. ವಿವರಪಟ್ಟಿಯನ್ನು ಸಲ್ಲಿಸಿಲ್ಲವೆಂಬುದು, ಲೆಕ್ಕಪತ್ರ ಕೇಳಿದ ನೋಟೀಸಿಗೆ ಅನುಸಾರವಾಗಿ ನಡೆದುಕೊಂಡಿಲ್ಲವೆಂಬುದು, ಕೊನೆಗೆ ಆದಾಯವನ್ನು ಮರೆಮಾಚಿದ್ದೀರಿ ‘ಅಥವಾ’ ಸರಿಯಲ್ಲದ ವಿವರ ಒದಗಿಸಿದ್ದೀರಿ ಎಂಬುದು. ಅನ್ವಯಿಸದ ಪದಗಳನ್ನೂ ಸಾಲುಗಳನ್ನೂ ಹೊಡೆದುಹಾಕತಕ್ಕದ್ದೆಂದು ನಮೂನೆಯಲ್ಲಿಯೇ ಸೂಚನೆ ಇರುತ್ತಿತ್ತು. ಕೆಲಸದ ಒತ್ತಡದಲ್ಲಿದ್ದ ಅಧಿಕಾರಿಯು ಕರದಾತನ ಹೆಸರು, ವರ್ಷ, ವಿಚಾರಣೆಯ ದಿನಾಂಕಗಳನ್ನು ತುಂಬಿ, ಸಹಿ ಹಾಕಿ, ಯಾವ ಸಾಲನ್ನೂ ಹೊಡೆಯದೆ ಟಪಾಲಿಗೆ ಕೊಡುವುದು ರೂಢಿಯಾಯಿತು. ಮುಂದಿನ ತಕರಾರೆಲ್ಲವೂ ಹುಟ್ಟಿದ್ದು ಈ ರೂಢಿಯಿಂದ.

ಎರಡು ತಪ್ಪುಗಳಲ್ಲಿ ನಿಜವಾದ ಭೇದವಿದೆಯೆ? ಇಲ್ಲದಿದ್ದರೆ ಹೊಡೆದುಹಾಕದ ಸಾಲಿನಿಂದ ಯಾರಿಗೂ ನಷ್ಟವಿಲ್ಲ. ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ, ಬೆಂಗಳೂರಿನ ಆದಾಯ ತೆರಿಗೆ ಆಯುಕ್ತರು ಎದುರುಪಕ್ಷವಾಗಿದ್ದ ಟಿ. ಅಶೋಕ ಪೈ ಮೊಕದ್ದಮೆಯಲ್ಲಿ, ಇವೆರಡರ ಅರ್ಥ ಬೇರೆ ಬೇರೆ ಎಂದು ಹೇಳಿದೆ. ಸಾಮಾನ್ಯ ವಿವೇಕವೂ ಅದನ್ನೇ ಹೇಳುತ್ತದೆ. ಬಂದ ಹಣವನ್ನು ಲೆಕ್ಕದಲ್ಲಿ ತೋರಿಸದೆಯೇ ಇರುವುದು ಒಂದು ನಡತೆ. ತೋರಿಸಿ, ಅದರ ವಿವರವನ್ನು ತಪ್ಪಾಗಿ ಕೊಡುವುದು ಮತ್ತೊಂದು. ಎರಡಕ್ಕೂ ಹೇಳಬಹುದಾದ ಸಮಾಧಾನ ಒಂದೇ ಅಲ್ಲ, ಹಾಜರುಪಡಿಸಬೇಕಾದ ಸಾಕ್ಷ್ಯವೂ ಒಂದೇ ಅಲ್ಲ.

ಒಂದು ಕಲ್ಪಿತ ನಿದರ್ಶನದಿಂದ ಈ ಮಾತು ಸ್ಪಷ್ಟವಾದೀತು. ದಾವಣಗೆರೆಯಲ್ಲಿ ಹತ್ತಿ ಹಿಂಜುವ ಒಂದು ಪಾಲುದಾರಿಕೆ ಸಂಸ್ಥೆಯಿದೆಯೆಂದು ಇಟ್ಟುಕೊಳ್ಳೋಣ. 2014-15ನೆಯ ನಿರ್ಧಾರಣಾ ವರ್ಷಕ್ಕೆ ಅದು 8,00,000 ರೂಪಾಯಿ ಆದಾಯವನ್ನು ಘೋಷಿಸಿತು. ವಿಚಾರಣೆಯಲ್ಲಿ ಅಧಿಕಾರಿಗೆ ಎರಡು ಸಂಗತಿಗಳು ಕಂಡುಬಂದವು. ಸಂಸ್ಥೆಯ ಪುಸ್ತಕಗಳಲ್ಲಿ ಇಲ್ಲದ, ಪಾಲುದಾರರೊಬ್ಬರ ಹೆಸರಿನ ಬ್ಯಾಂಕು ಖಾತೆಗೆ ಹತ್ತಿಯ ವರ್ತಕರಿಂದ 3,00,000 ರೂಪಾಯಿ ಜಮೆಯಾಗಿದೆ. ಇದು ಮೊದಲನೆಯದು. ಎರಡನೆಯದು, ಗೋದಾಮಿನ ಮೇಲ್ಛಾವಣಿಗೆ ಮಾಡಿದ 2,00,000 ರೂಪಾಯಿ ವೆಚ್ಚವನ್ನು ಸಂಸ್ಥೆಯು ದುರಸ್ತಿಯೆಂದು ಆದಾಯದಿಂದ ಕಳೆದಿದೆ. ಅಧಿಕಾರಿಯ ಮತದಲ್ಲಿ ಅದು ಬಂಡವಾಳದ ವೆಚ್ಚ. ಎರಡನ್ನೂ ಸೇರಿಸಿ ಆದಾಯವನ್ನು 13,00,000 ರೂಪಾಯಿಗೆ ಏರಿಸಿ, 2016ರ ಡಿಸೆಂಬರಿನಲ್ಲಿ ನಿರ್ಧಾರಣೆಯ ಆಜ್ಞೆಯನ್ನು ಬರೆದು, ಅದರ ಕೊನೆಗೆ ‘ಆದಾಯವನ್ನು ಮರೆಮಾಚಿದ್ದಕ್ಕಾಗಿ ದಂಡದ ನಡವಳಿಯನ್ನು ಪ್ರತ್ಯೇಕವಾಗಿ ಆರಂಭಿಸಲಾಗಿದೆ’ ಎಂದು ಸೇರಿಸಿದರು. ಜೊತೆಗೆ ಹೊರಟ ನೋಟೀಸಿನಲ್ಲಿ ಮಾತ್ರ ಎರಡು ಆಪಾದನೆಗಳೂ ನಡುವಣ ‘ಅಥವಾ’ ಎಂಬ ಪದವೂ ಹಾಗೆಯೇ ಉಳಿದವು. ಉಪಕರ, ಸವಕಳಿಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಶೇಕಡ 30ರಂತೆ 5,00,000 ರೂಪಾಯಿಯ ಮೇಲಣ ತೆರಿಗೆ 1,50,000 ರೂಪಾಯಿ. ಆದುದರಿಂದ ದಂಡವು 1,50,000ದಿಂದ 4,50,000 ರೂಪಾಯಿವರೆಗೆ ಆಗಬಹುದು.

ಈಗ ಉತ್ತರ ಬರೆಯಲು ಕುಳಿತ ಪಾಲುದಾರನ ಸ್ಥಿತಿಯನ್ನು ಯೋಚಿಸಿರಿ. ಮೊದಲನೆಯ ಬಾಬಿನಲ್ಲಿ ಮರೆಮಾಚಿದ ಆಪಾದನೆ ಇದ್ದರೆ, ಆ ಹಣ ಸಂಸ್ಥೆಯದಲ್ಲ, ತನ್ನ ಸ್ವಂತ ಜಮೀನಿನಲ್ಲಿ ಬೆಳೆದ ಹತ್ತಿಯ ಬೆಲೆ ಎಂದು ಅವನು ತೋರಿಸಬೇಕು. ಅದಕ್ಕೆ ಪಹಣಿ, ಮಾರುಕಟ್ಟೆ ಸಮಿತಿಯ ಪಟ್ಟಿ, ತೂಕದ ಚೀಟಿಗಳು ಬೇಕು. ಇಲ್ಲಿ ಇನ್ನೊಂದು ತೊಡಕೂ ಉಂಟು. ಈ ಕಲಮಿನ ಮೊದಲನೆಯ ವಿವರಣೆಯ ಪ್ರಕಾರ, ಕರದಾತನು ಸಮಾಧಾನ ಹೇಳದಿದ್ದರೆ, ಹೇಳಿದ್ದು ಸುಳ್ಳೆಂದು ಕಂಡುಬಂದರೆ, ಅಥವಾ ಅದನ್ನು ಸಮರ್ಥಿಸಲಾರದೆ ಅದು ಪ್ರಾಮಾಣಿಕವೆಂದೂ ಎಲ್ಲ ಸಂಗತಿಗಳನ್ನು ತಿಳಿಸಿದ್ದೇನೆಂದೂ ತೋರಿಸಲಾರದೆ ಹೋದರೆ, ಸೇರಿಸಲ್ಪಟ್ಟ ಮೊತ್ತವನ್ನು ಮರೆಮಾಚಿದ ಆದಾಯವೆಂದೇ ಭಾವಿಸಲಾಗುತ್ತದೆ. ರುಜುವಾತಿನ ಹೊರೆ ಅವನ ಹೆಗಲಿಗೇ ಬೀಳುತ್ತದೆ. ಎರಡನೆಯ ಬಾಬಿನ ಸ್ವರೂಪವೇ ಬೇರೆ. ಅಲ್ಲಿ ವೆಚ್ಚವಾದುದು ನಿಜ, ಲೆಕ್ಕದಲ್ಲಿ ಬರೆದದ್ದೂ ನಿಜ. ವಿವಾದವಿರುವುದು ಅದನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದರಲ್ಲಿ. ಕಾನೂನಿನಲ್ಲಿ ನಿಲ್ಲದ ಹಕ್ಕೊತ್ತಾಯವನ್ನು ಮುಂದಿಟ್ಟ ಮಾತ್ರಕ್ಕೆ ವಿವರಗಳು ತಪ್ಪಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2010ರ ರಿಲಯನ್ಸ್ ಪೆಟ್ರೋಪ್ರಾಡಕ್ಟ್ಸ್ ಮೊಕದ್ದಮೆಯಲ್ಲಿ ಹೇಳಿರುವುದೇ ಇದಕ್ಕೆ ಸಾಕಾದ ಉತ್ತರ. ಇದಕ್ಕೆ ಪಹಣಿಯೂ ಬೇಡ, ಚೀಟಿಯೂ ಬೇಡ. ಆದರೆ ಯಾವ ಬಾಬಿಗೆ ಯಾವ ಆಪಾದನೆ ಎಂಬುದನ್ನು ನೋಟೀಸು ಹೇಳದಿರುವಾಗ, ಅವನು ಎರಡು ಬಾಬುಗಳಿಗೂ ಎರಡೆರಡು ಬಗೆಯ ಉತ್ತರಗಳನ್ನು ಸಿದ್ಧಪಡಿಸಬೇಕು. ಇಲ್ಲವೆ ಊಹೆಯ ಮೇಲೆ ಒಂದನ್ನು ಆರಿಸಿಕೊಳ್ಳಬೇಕು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಸಂಸ್ಥೆಯು ನಿರ್ಧಾರಣೆಯ ವಿರುದ್ಧ ಮೇಲ್ಮನವಿ ಸಲ್ಲಿಸಿತು. 2018ರಲ್ಲಿ ಮೇಲ್ಮನವಿಯ ಆಯುಕ್ತರು ಪಹಣಿ ಮತ್ತು ಪಟ್ಟಿಗಳನ್ನು ನಂಬಿ 3,00,000 ರೂಪಾಯಿಯನ್ನು ತೆಗೆದುಹಾಕಿದರು. ಮೇಲ್ಛಾವಣಿಯ 2,00,000 ರೂಪಾಯಿ ಉಳಿಯಿತು. ಮೇಲ್ಮನವಿ ನಡೆಯುತ್ತಿರುವಾಗ ದಂಡದ ನಡವಳಿಯನ್ನು ತಡೆದಿರಿಸಲು 275ನೆಯ ಕಲಮು ಅವಕಾಶ ಕೊಡುವುದರಿಂದ, ಅಧಿಕಾರಿಯು 2016ರ ಅದೇ ನೋಟೀಸನ್ನು 2019ರಲ್ಲಿ ಮತ್ತೆ ಕೈಗೆತ್ತಿಕೊಂಡರು. ಅಷ್ಟರಲ್ಲಿ ಅಧಿಕಾರಿಯೂ ಬದಲಾಗಿರುವುದು ಸಾಮಾನ್ಯ. ಹೊಸಬರು ಮರೆಮಾಚಿದ ಮಾತನ್ನೇ ಎತ್ತದೆ, ಸರಿಯಲ್ಲದ ವಿವರ ಒದಗಿಸಿದ್ದಕ್ಕಾಗಿ 60,000 ರೂಪಾಯಿ ದಂಡ ವಿಧಿಸಿದರು. ಹೀಗೆ ನಿರ್ಧಾರಣೆಯ ಆಜ್ಞೆಯಲ್ಲಿ ಒಂದು ತಪ್ಪು, ನೋಟೀಸಿನಲ್ಲಿ ಎರಡು ತಪ್ಪು, ದಂಡನಾಜ್ಞೆಯಲ್ಲಿ ಮತ್ತೊಂದು ತಪ್ಪು. ಹೊಡೆದುಹಾಕದ ಸಾಲಿನ ಅನರ್ಥ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನೋಟೀಸಿನಲ್ಲಿ ಎರಡೂ ಇದ್ದುದರಿಂದಲೇ ಮೂರು ವರ್ಷಗಳ ತರುವಾಯ ಆಪಾದನೆಯನ್ನು ಸದ್ದಿಲ್ಲದೆ ಬದಲಾಯಿಸಲು ಸಾಧ್ಯವಾಯಿತು.

ಇಂಥ ಸನ್ನಿವೇಶಗಳಿಗೆ ಕರ್ನಾಟಕ ಉಚ್ಚ ನ್ಯಾಯಾಲಯವು 2012ರ ಡಿಸೆಂಬರಿನಲ್ಲಿ ಮಂಜುನಾಥ ಕಾಟನ್ ಅಂಡ್ ಜಿನ್ನಿಂಗ್ ಫ್ಯಾಕ್ಟರಿಯ ಮೊಕದ್ದಮೆಯಲ್ಲಿ ಉತ್ತರ ಕೊಟ್ಟಿತು. ಅನೇಕ ಮೇಲ್ಮನವಿಗಳನ್ನು ಒಟ್ಟಾಗಿ ತೀರ್ಮಾನಿಸಿದ ಆ ತೀರ್ಪಿನಲ್ಲಿ ನಮಗೆ ಸಂಬಂಧಿಸಿದ ಅಂಶಗಳು ಮೂರು. ದಂಡದ ನೋಟೀಸು ಯಾವ ಕಾರಣದ ಮೇಲೆ ಹೊರಟಿದೆಯೆಂಬುದನ್ನು ನಿರ್ದಿಷ್ಟವಾಗಿ ಹೇಳಬೇಕು. ಎಲ್ಲ ಕಾರಣಗಳೂ ಇರುವ ಅಚ್ಚಾದ ನಮೂನೆಯನ್ನು ಕಳುಹಿಸಿದರೆ ಕಾನೂನಿನ ಅಪೇಕ್ಷೆ ಪೂರೈಸಿದಂತಾಗುವುದಿಲ್ಲ. ಒಂದು ಕಾರಣದ ಮೇಲೆ ನಡವಳಿಯನ್ನು ಆರಂಭಿಸಿ ಇನ್ನೊಂದು ಕಾರಣಕ್ಕೆ ದಂಡ ವಿಧಿಸುವುದು ಸಲ್ಲದು. ಎರಡು ತಪ್ಪುಗಳೂ ಒಂದೇ ಪ್ರಕರಣದಲ್ಲಿ ಕೂಡಿಬರಬಾರದೆಂದು ನ್ಯಾಯಾಲಯ ಹೇಳಲಿಲ್ಲವೆಂಬುದನ್ನು ಗಮನಿಸಬೇಕು. ಕೂಡಿಬಂದರೆ ಹಾಗೆಂದೇ ಬರೆಯಬೇಕು. ‘ಅಥವಾ’ ಎಂಬುದು ‘ಮತ್ತು’ ಎಂಬುದರ ಕೆಲಸ ಮಾಡಲಾರದು. ನಮ್ಮ ನಿದರ್ಶನದಲ್ಲಿ ಅಧಿಕಾರಿಯು, 3,00,000 ರೂಪಾಯಿಯ ಜಮೆಗೆ ಮರೆಮಾಚಿದ ಆಪಾದನೆ, 2,00,000 ರೂಪಾಯಿಯ ವೆಚ್ಚಕ್ಕೆ ಸರಿಯಲ್ಲದ ವಿವರದ ಆಪಾದನೆ ಎಂದು ಎರಡು ವಾಕ್ಯಗಳನ್ನು ಬರೆದಿದ್ದರೆ ನೋಟೀಸು ನಿರ್ದುಷ್ಟವಾಗುತ್ತಿತ್ತು. ದಂಡ ನಿಲ್ಲುತ್ತಿತ್ತೋ ಇಲ್ಲವೋ, ಅದು ಬೇರೆ ವಿಷಯ.

ಈ ನಿಯಮವು ಆದಾಯ ತೆರಿಗೆಗೆ ಮಾತ್ರ ಸೀಮಿತವಲ್ಲ. ಕೇಂದ್ರ ಅಬಕಾರಿ ಸುಂಕದ ಕಾಯಿದೆಯಲ್ಲಿ ಒಂದು ಕಾಲದಲ್ಲಿ ಬಾಕಿ ಸುಂಕವನ್ನು ಕೇಳಲು ಆರು ತಿಂಗಳ ವಾಯಿದೆ ಇತ್ತು. ವಂಚನೆ, ಕೂಟ, ಬುದ್ಧಿಪೂರ್ವಕ ತಪ್ಪುಹೇಳಿಕೆ, ಸಂಗತಿಗಳ ಅಡಗಿಸುವಿಕೆ ಮೊದಲಾದವು ಇದ್ದಲ್ಲಿ ಅದು ಐದು ವರ್ಷವಾಗುತ್ತಿತ್ತು. ಅವುಗಳಲ್ಲಿ ಯಾವುದು ನಡೆದಿದೆಯೆಂದು ನೋಟೀಸಿನಲ್ಲಿ ಹೇಳದೆ ಐದು ವರ್ಷದ ಸುಂಕವನ್ನು ಕೇಳಲಾಗದೆಂದು ಎಚ್.ಎಂ.ಎಂ. ಕಂಪನಿಯ ಮೊಕದ್ದಮೆಯಲ್ಲಿ 1995ರಲ್ಲಿ ತೀರ್ಮಾನವಾಯಿತು. ಬೆಂಗಳೂರಿನ ಅಬಕಾರಿ ಆಯುಕ್ತರು ಬೃಂದಾವನ್ ಬೆವರೇಜಸ್ ವಿರುದ್ಧ ತಂದ ಮೇಲ್ಮನವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ, ಇಲಾಖೆಯು ತನ್ನ ವಾದವನ್ನು ಕಟ್ಟಬೇಕಾದ ಅಡಿಪಾಯವೇ ಕಾರಣ ಕೇಳುವ ನೋಟೀಸೆಂದೂ, ಅದರ ಆಪಾದನೆಗಳು ಅಸ್ಪಷ್ಟವಾಗಿದ್ದರೆ ಕರದಾತನಿಗೆ ಸರಿಯಾದ ಅವಕಾಶ ದೊರೆತಿಲ್ಲವೆನ್ನಲು ಅಷ್ಟೇ ಸಾಕೆಂದೂ ಅಭಿಪ್ರಾಯಪಟ್ಟಿತು.

ಇಷ್ಟಾದರೂ ಇಲಾಖೆಯ ಪರವಾಗಿ ಹೇಳಬಹುದಾದ ಮಾತೂ ಇದೆ, ಅದನ್ನು ಲಘುವಾಗಿ ಕಾಣಕೂಡದು. ನೋಟೀಸನ್ನು ಒಂಟಿಯಾಗಿ ಓದುವುದೇಕೆ? ಅದರೊಡನೆಯೇ ಬಂದ ನಿರ್ಧಾರಣೆಯ ಆಜ್ಞೆಯಲ್ಲಿ ಎಲ್ಲವೂ ವಿಸ್ತಾರವಾಗಿ ಇರುತ್ತದೆಯಲ್ಲ? ಕರದಾತನು ಅದನ್ನು ಓದಿ, ಅರ್ಥಮಾಡಿಕೊಂಡು, ಪುಟಗಟ್ಟಲೆ ಉತ್ತರ ಬರೆದು, ಸೋತಮೇಲೆ ‘ನನಗೆ ಆಪಾದನೆಯೇ ತಿಳಿಯಲಿಲ್ಲ’ ಎಂದರೆ ನಂಬುವುದು ಹೇಗೆ? ಸಾರದಲ್ಲಿ ಅಧಿನಿಯಮಕ್ಕೆ ಅನುಗುಣವಾದ ನೋಟೀಸು ಅಲ್ಪದೋಷದಿಂದ ಅಸಿಂಧುವಾಗದೆಂದು 292ಬಿ ಕಲಮೂ ಹೇಳುತ್ತದೆ. ಮದರಾಸು ಉಚ್ಚ ನ್ಯಾಯಾಲಯವು 2018ರಲ್ಲಿ ಸುಂದರಂ ಫೈನಾನ್ಸ್ ಮೊಕದ್ದಮೆಯಲ್ಲಿ ಈ ದಾರಿಯನ್ನೇ ಹಿಡಿಯಿತು. ನೋಟೀಸಿನ ದೋಷವನ್ನು ಕರದಾತನು ಮೊದಲೇ ಎತ್ತಿರಲಿಲ್ಲ, ಆಪಾದನೆಯನ್ನು ತಿಳಿದೇ ಉತ್ತರಿಸಿದ್ದನು, ದೋಷದಿಂದ ಅವನಿಗೆ ಬಾಧೆಯಾಗಿಲ್ಲ ಎಂಬ ಕಾರಣಗಳಿಂದ ದಂಡ ಉಳಿಯಿತು.

ಈ ಭಿನ್ನಾಭಿಪ್ರಾಯ ಮುಂಬಯಿ ಉಚ್ಚ ನ್ಯಾಯಾಲಯದೊಳಗೂ ತಲೆದೋರಿದ್ದರಿಂದ, ಪೂರ್ಣಪೀಠವೊಂದು 2021ರ ಮಾರ್ಚಿನಲ್ಲಿ ಮೊಹಮ್ಮದ್ ಫರ್ಹಾನ್ ಶೇಖ್ ಮೊಕದ್ದಮೆಯಲ್ಲಿ ವಿಷಯವನ್ನು ಮೊದಲಿನಿಂದ ಪರಿಶೀಲಿಸಿತು. ನಿರ್ಧಾರಣೆಯ ನಡವಳಿ ಬೇರೆ, ದಂಡದ ನಡವಳಿ ಬೇರೆ. ಎರಡನೆಯದರ ಆಪಾದನೆಯನ್ನು ಕರದಾತನು ಮೊದಲನೆಯದರ ಕಾಗದಗಳಲ್ಲಿ ಹುಡುಕಿಕೊಳ್ಳಬೇಕಾಗಿಲ್ಲ. ಕಾಯಿದೆಯು ಕಡ್ಡಾಯಗೊಳಿಸಿದ ತಿಳಿವಳಿಕೆಯನ್ನೇ ಕೊಡದಿದ್ದಾಗ ಬಾಧೆಯನ್ನು ಪ್ರತ್ಯೇಕವಾಗಿ ರುಜುವಾತುಪಡಿಸಬೇಕಾಗಿಯೂ ಇಲ್ಲ. ಆದಕಾರಣ ಸಾಲನ್ನು ಹೊಡೆದುಹಾಕದ ನೋಟೀಸಿನ ಮೇಲೆ ನಿಂತ ದಂಡ ನಿಲ್ಲದೆಂದು ಪೀಠವು ತೀರ್ಮಾನಿಸಿತು.

ನನಗೆ ಮುಂಬಯಿಯ ಮತವೇ ಸಮಂಜಸವಾಗಿ ತೋರುತ್ತದೆ. ಅದಕ್ಕೆ ಕಾರಣ ಕರದಾತನ ಮೇಲಣ ಕನಿಕರವಲ್ಲ, ನೋಟೀಸು ಅಧಿಕಾರಿಯ ಮೇಲೂ ಒಂದು ಕಟ್ಟುಪಾಡೆಂಬುದು. ಎರಡರಲ್ಲಿ ಒಂದನ್ನು ಹೊಡೆದುಹಾಕಬೇಕಾದರೆ ಅವನು ಕಡತವನ್ನು ಓದಬೇಕು, ಯೋಚಿಸಬೇಕು, ಒಂದು ನಿಲುವನ್ನು ತಳೆಯಬೇಕು. ಹೊಡೆಯದ ಸಾಲು ಅಧಿಕಾರಿಯು ವಿವೇಚನೆಯನ್ನೇ ಪ್ರಯೋಗಿಸಲಿಲ್ಲವೆಂಬುದರ ಕುರುಹು. ಸರ್ವೋಚ್ಚ ನ್ಯಾಯಾಲಯವು 2007ರ ದಿಲೀಪ್ ಶ್ರಾಫ್ ಮೊಕದ್ದಮೆಯಲ್ಲಿ ಇಂಥ ನಮೂನೆಯನ್ನು ಕುರಿತು ಹೇಳಿದ್ದು ಇದನ್ನೇ. ದಂಡಕ್ಕೆ ದುರುದ್ದೇಶ ಅವಶ್ಯವೆಂದು ಆ ತೀರ್ಪು ಹೇಳಿದ್ದ ಭಾಗವನ್ನು ಮರುವರ್ಷವೇ ದೊಡ್ಡ ಪೀಠವು ತಳ್ಳಿಹಾಕಿತು. ನೋಟೀಸಿನ ಮಾತು ಅದರೊಡನೆ ಬಿದ್ದುಹೋಗಲಿಲ್ಲವೆಂಬುದು ಮುಂಬಯಿ ಪೀಠದ ಅಭಿಪ್ರಾಯ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮಂಜುನಾಥ ತೀರ್ಪನ್ನು ಅನುಸರಿಸಿದ ಎಸ್ಸೆಸ್ಸೆ ಎಮರಾಲ್ಡ್ ಮೆಡೋಸ್ ಮೊಕದ್ದಮೆಯಲ್ಲಿ ಇಲಾಖೆ ಸಲ್ಲಿಸಿದ ವಿಶೇಷ ಅನುಮತಿ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ವಜಾ ಮಾಡಿತೆಂಬುದನ್ನು ಅನೇಕರು ಅಂತಿಮ ಮುದ್ರೆಯೆಂಬಂತೆ ಉದಾಹರಿಸುತ್ತಾರೆ. ಸುಂದರಂ ಫೈನಾನ್ಸ್ ಕಂಪನಿಯ ಅರ್ಜಿಯೂ 2018ರಲ್ಲಿ ವಜಾ ಆಯಿತು. ಒಂದಕ್ಕೊಂದು ಎದುರಾದ ಎರಡು ತೀರ್ಪುಗಳ ಮೇಲಣ ಅರ್ಜಿಗಳು ಹೀಗೆ ವಜಾ ಆದಮೇಲೆ, ಕಾರಣ ಹೇಳದ ವಜಾದಿಂದ ಕೆಳಗಿನ ತೀರ್ಪಿನ ಕಾನೂನಿಗೆ ಸಮ್ಮತಿ ದೊರೆಯುವುದಿಲ್ಲವೆಂಬ ಹಳೆಯ ನಿಯಮದ ಅರ್ಥ ಯಾರಿಗೂ ತಿಳಿಯುತ್ತದೆ. ಮದರಾಸಿನ ಕರದಾತನಿಗೂ ಬೆಂಗಳೂರಿನ ಕರದಾತನಿಗೂ ದೊರೆಯುವ ಉತ್ತರ ಆಯಾ ಉಚ್ಚ ನ್ಯಾಯಾಲಯದ ತೀರ್ಪನ್ನು ಅವಲಂಬಿಸಿದೆ.

ಹೊಸದಾಗಿ ಸರಿಯಾದ ನೋಟೀಸು ಕೊಟ್ಟು ದೋಷವನ್ನು ತಿದ್ದಬಾರದೆ? ಅಧಿಕಾರಿಗೆ ದಂಡದ ಬಗ್ಗೆ ಮನವರಿಕೆಯಾಗುವುದು ನಿರ್ಧಾರಣೆಯ ನಡವಳಿ ಮುಗಿಯುವುದರೊಳಗೆ ಆಗಬೇಕು. ನೋಟೀಸು ಅದರ ಅನಂತರ ಹೊರಡಬಹುದು. ಇದು 1972ರ ಡಿ.ಎಂ. ಮಾನಸ್ವಿ ಮೊಕದ್ದಮೆಯಿಂದ ನಿಂತ ನಿಯಮ. ಆದುದರಿಂದ ಮೊದಲು ದಾಖಲಾದ ಮನವರಿಕೆಗೆ ತಕ್ಕಂತೆ, ವಾಯಿದೆಯೊಳಗೆ ಸ್ಪಷ್ಟವಾದ ನೋಟೀಸು ಕೊಡಲು ಸಿದ್ಧಾಂತದಲ್ಲಿ ಅಡ್ಡಿ ಕಾಣದು. ವ್ಯವಹಾರದಲ್ಲಿ ದೋಷ ಬೆಳಕಿಗೆ ಬರುವುದು ದಂಡನಾಜ್ಞೆಯ ಮೇಲಿನ ಅಪೀಲಿನಲ್ಲಿ. ಅಷ್ಟುಹೊತ್ತಿಗೆ 275ನೆಯ ಕಲಮಿನ ವಾಯಿದೆ ಸಾಮಾನ್ಯವಾಗಿ ತೀರಿಹೋಗಿರುತ್ತದೆ. ನಿಜವಾಗಿಯೂ ಹಣ ಮರೆಮಾಚಿದವನು ಒಂದು ಸಾಲಿನ ದೆಸೆಯಿಂದ ಪಾರಾಗುವುದು ಹೀಗೆ. ಬೊಕ್ಕಸಕ್ಕೆ ಆಗುವ ಈ ನಷ್ಟವೂ ಅಸ್ಪಷ್ಟ ನೋಟೀಸಿನ ಫಲವೇ.

ಇನ್ನು ಮೊದಲು ಸೂಚಿಸಿದ ಹೊಸ ಕಲಮಿನ ವಿಚಾರ. 2017-18ನೆಯ ನಿರ್ಧಾರಣಾ ವರ್ಷದಿಂದ 1961ರ ಅಧಿನಿಯಮದಲ್ಲಿ 270ಎ ಕಲಮು ಜಾರಿಗೆ ಬಂದಿತು. ಅದರಲ್ಲಿ ಆದಾಯವನ್ನು ಕಡಿಮೆ ತೋರಿಸಿದ್ದಕ್ಕೆ ಆ ಆದಾಯದ ಮೇಲಣ ತೆರಿಗೆಯ ಶೇಕಡ 50, ತಪ್ಪಾಗಿ ನಿರೂಪಿಸಿ ಕಡಿಮೆ ತೋರಿಸಿದ್ದಕ್ಕೆ ಶೇಕಡ 200 ದಂಡವನ್ನು ಇಡಲಾಯಿತು. ತಪ್ಪು ನಿರೂಪಣೆಯೆಂದರೆ ಏನೆಂಬುದನ್ನು ಆರು ಬಾಬುಗಳಲ್ಲಿ ಎಣಿಸಿತು. ನಮ್ಮ ನಿದರ್ಶನದ 1,50,000 ರೂಪಾಯಿ ತೆರಿಗೆಗೆ ಈ ಲೆಕ್ಕ ಹಾಕಿದರೆ ಒಂದು ಕಡೆ 75,000, ಇನ್ನೊಂದು ಕಡೆ 3,00,000. ಹಳೆಯ ಕಲಮಿನಲ್ಲಿ ಎರಡು ತಪ್ಪಿಗೂ ದಂಡ ಸಮಾನವಾಗಿತ್ತು. ಇಲ್ಲಿ ಆಪಾದನೆಯ ಹೆಸರಿನ ಮೇಲೆಯೇ ಮೊತ್ತ ನಾಲ್ಕು ಪಟ್ಟಾಗುತ್ತದೆ. ಇದಲ್ಲದೆ, ತೆರಿಗೆಯನ್ನೂ ಬಡ್ಡಿಯನ್ನೂ ಕಟ್ಟಿ ಅಪೀಲು ಬಿಟ್ಟವನಿಗೆ ದಂಡದಿಂದ ವಿನಾಯಿತಿ ಕೊಡುವ 270ಎಎ ಕಲಮು, ತಪ್ಪು ನಿರೂಪಣೆಯ ಆಪಾದನೆಯುಳ್ಳವನಿಗೆ ಆ ಸೌಲಭ್ಯವನ್ನು ನಿರಾಕರಿಸುವಂತೆ ರಚಿತವಾಯಿತು. ಅರ್ಜಿಗೆ ಇದ್ದ ವಾಯಿದೆಯೂ ಚಿಕ್ಕದು: ಆಜ್ಞೆ ಕೈಸೇರಿದ ತಿಂಗಳ ಕೊನೆಯಿಂದ ಒಂದು ತಿಂಗಳು. ಅಷ್ಟರೊಳಗೆ ಅಪೀಲು ಮಾಡುವುದೋ ವಿನಾಯಿತಿ ಕೇಳುವುದೋ ಎಂದು ನಿಶ್ಚಯಿಸಬೇಕಾದವನಿಗೆ ತನ್ನ ಮೇಲೆ ಯಾವ ಆಪಾದನೆ ಇದೆಯೆಂಬುದೇ ತಿಳಿಯದಿದ್ದರೆ? ಷ್ನೈಡರ್ ಎಲೆಕ್ಟ್ರಿಕ್ ಮೊಕದ್ದಮೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮುಂದೆ 2022ರಲ್ಲಿ ಬಂದ ಪ್ರಶ್ನೆ ಇದೇ. ನೋಟೀಸಿನಲ್ಲಿ ಯಾವ ಕವಲೆಂದು ಹೇಳದೆ, ತಪ್ಪು ನಿರೂಪಣೆಯೆಂಬ ಕಾರಣದಿಂದ ವಿನಾಯಿತಿಯನ್ನು ನಿರಾಕರಿಸಿದ್ದನ್ನು ನ್ಯಾಯಾಲಯವು ಒಪ್ಪಲಿಲ್ಲ.

2025ರ ಆದಾಯ ತೆರಿಗೆ ಅಧಿನಿಯಮವು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರಚಿತವಾಗಿದ್ದರೂ, ಹಿಂದಿನ ವರ್ಷಗಳ ಮೊಕದ್ದಮೆಗಳು ಇನ್ನೂ ಬಹುಕಾಲ ನಡೆಯಲಿರುವುದರಿಂದ ಈ ಚರ್ಚೆ ಹಳತಾಗುವ ಸಂಭವವಿಲ್ಲ. ಅಚ್ಚಿನ ನಮೂನೆಯ ಸ್ಥಾನದಲ್ಲಿ ಗಣಕಯಂತ್ರದ ನಮೂನೆ ಬಂದಿದೆ. ಅದರಲ್ಲಿ ಹೊಡೆದುಹಾಕುವ ಲೇಖನಿಯೇ ಇಲ್ಲ. ಹಾಗಾಗಿ ಎಲ್ಲ ಸಾಲುಗಳೂ ಇನ್ನಷ್ಟು ಸುಲಭವಾಗಿ ಉಳಿದುಬಿಡುತ್ತವೆ.

ನೋಟೀಸು ಕೈಗೆ ಬಂದಾಗ ನೋಡಬೇಕಾದುದು ಹೆಚ್ಚಿಲ್ಲ. ಯಾವ ನಿರ್ಧಾರಣಾ ವರ್ಷ, ಯಾವ ಕಲಮು, ಕಲಮಿನ ಯಾವ ಕವಲು, ಯಾವ ಬಾಬು ಮತ್ತು ಮೊತ್ತಕ್ಕೆ ಸಂಬಂಧಿಸಿದ್ದು, ಉತ್ತರಕ್ಕೆ ಎಷ್ಟು ದಿನ ಎಂಬ ಸಂಗತಿಗಳು ನೋಟೀಸಿನಿಂದಲೇ ಗೊತ್ತಾಗುವಂತಿರಬೇಕು. ಅನಂತರ ನಿರ್ಧಾರಣೆಯ ಆಜ್ಞೆಯ ಕೊನೆಯ ಸಾಲುಗಳನ್ನು ಪಕ್ಕದಲ್ಲಿಟ್ಟು ಎರಡರಲ್ಲೂ ಒಂದೇ ಆಪಾದನೆ ಇದೆಯೆ ಎಂದು ಹೋಲಿಸಬೇಕು. ಕೊರತೆ ಕಂಡರೆ ಅದನ್ನು ಮೊದಲ ಉತ್ತರದ ಮೊದಲ ವಾಕ್ಯವೃಂದದಲ್ಲಿಯೇ ಬರೆದು, ಯಾವ ಕವಲೆಂದು ತಿಳಿಸುವಂತೆ ಕೇಳಿ, ಆ ಆಕ್ಷೇಪಣೆಯನ್ನು ಬಿಟ್ಟುಕೊಡದೆ ವಿಷಯದ ಮೇಲೂ ಉತ್ತರ ಕೊಡುವುದು ಕ್ಷೇಮ. ಮದರಾಸಿನ ಕರದಾತನ ವಿರುದ್ಧ ಹೋದದ್ದು ಅವನ ಮೌನವೇ. ಕಾನೂನಿನ ಶುದ್ಧ ಪ್ರಶ್ನೆಯನ್ನು ನ್ಯಾಯಾಧಿಕರಣದ ಮುಂದೆ ಮೊದಲ ಬಾರಿಗೆ ಎತ್ತಲು ಅವಕಾಶವಿದೆಯಾದರೂ, ಅದಕ್ಕೆ ಬೇಕಾದ ಸಂಗತಿಗಳು ದಾಖಲೆಯಲ್ಲಿಯೇ ಇರಬೇಕು. ಆ ದಾಖಲೆಯೆಂದರೆ ಮೂಲ ನೋಟೀಸೇ ಆದುದರಿಂದ, ಅದನ್ನು ಬಂದ ಲಕೋಟೆಯೊಡನೆ ಅಥವಾ ಬಂದ ದಿನದ ಮುದ್ರಿತ ಪ್ರತಿಯೊಡನೆ ಕಡತದಲ್ಲಿ ಇಟ್ಟುಕೊಂಡಿರಬೇಕು.